ನಾರಿನ ಘಟಕದ ಮೇಲ್ವೆಚ್ಚ: ದರವನ್ನು ವರ್ಷಾರಂಭದಲ್ಲೇ ಗೊತ್ತುಮಾಡುವುದೇಕೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗು ಬೆಳೆಗಾರರಿಗೆ ಕಾದು ಲೆಕ್ಕ ಹಾಕುವುದು ಹೊಸತಲ್ಲ. ಅಟ್ಟಕ್ಕೆ ಏರಿಸಿದ ಕಾಯಿ ಎಂಟು ಹತ್ತು ತಿಂಗಳು ಕಳೆದ ಮೇಲೆಯೇ ಉಂಡೆ ಕೊಬ್ಬರಿಯಾಗುತ್ತದೆ. ಅದನ್ನು ಸುಲಿದು, ಚಿಪ್ಪು ಒಡೆದು, ತಿಪಟೂರು ಮಾರುಕಟ್ಟೆಗೆ ಸಾಗಿಸಿ ಹಣ ಎಣಿಸಿದ ದಿನವೇ ಲಾಭ ನಷ್ಟ ತಿಳಿಯುವುದು. ಆದರೆ ಅದೇ ಕಾಯಿಯ ಸಿಪ್ಪೆಯಿಂದ ನಾರು ತೆಗೆಯುವ ಘಟಕಕ್ಕೆ ಈ ಕಾಯುವಿಕೆ ಸಲ್ಲದು. ಇಂದು ಬಡಿದ ನಾರು ನಾಲ್ಕು ದಿನ ಬಿಸಿಲು ಕಂಡೊಡನೆ ಲಾರಿ ಏರುತ್ತದೆ. ಕೊಳ್ಳುವವನು ಬಾಗಿಲಲ್ಲಿ ನಿಂತು ಕೆಜಿಗೆ ಎಷ್ಟು ಎಂದು ಕೇಳುತ್ತಾನೆ. ಆ ಹೊತ್ತಿಗೆ ತಮ್ಮ ಅಸಲು ತಮಗೆ ಗೊತ್ತಿರಬೇಕು.

ಅಸಲಿನ ಒಂದು ಭಾಗ ಸುಲಭ. ಸಿಪ್ಪೆಗೆ ಕೊಟ್ಟ ಹಣ ಮತ್ತು ಆಳುಗಳ ಕೂಲಿಯನ್ನು ಅಂದೇ ಎಣಿಸಬಹುದು. ಇನ್ನೊಂದು ಭಾಗ ಹಾಗಲ್ಲ. ಶೆಡ್ಡಿನ ಬಾಡಿಗೆ, ಯಂತ್ರದ ಸವಕಳಿ, ಮೇಸ್ತ್ರಿಯ ಸಂಬಳ, ವಿಮೆ, ವಿದ್ಯುತ್ ಬಿಲ್ಲು, ರಿಪೇರಿ, ಇವು ಯಾವ ಒಂದು ಹೊರೆ ನಾರಿಗೂ ಸೇರಿದವಲ್ಲ. ಎಲ್ಲ ನಾರಿಗೂ ಸೇರಿದವು. ಇವನ್ನು ಒಟ್ಟಾಗಿ ಮೇಲ್ವೆಚ್ಚ ಅಥವಾ ಓವರ್‌ಹೆಡ್ ಎನ್ನುತ್ತಾರೆ. ಇದನ್ನು ಪ್ರತಿ ಕೆಜಿ ನಾರಿನ ಮೇಲೆ ಎಷ್ಟೆಂದು ಹಾಕಬೇಕು ಎಂಬುದೇ ಈ ಲೇಖನದ ವಿಷಯ. ನಿಜವಾಗಿ ಆದ ಖರ್ಚನ್ನು ತಿಂಗಳು ತಿಂಗಳಿಗೆ ಹಂಚುವುದೇ ನ್ಯಾಯವೆಂದು ಮೊದಲ ನೋಟಕ್ಕೆ ತೋರುತ್ತದೆ. ಅದು ಏಕೆ ದಾರಿ ತಪ್ಪಿಸುತ್ತದೆ, ಅದರ ಬದಲು ಏನು ಮಾಡಬೇಕು ಎಂಬುದನ್ನು ಒಂದು ಮಾದರಿ ಲೆಕ್ಕದ ಮೂಲಕ ಪರಿಶೀಲಿಸೋಣ.

ಒಂದು ಮಾದರಿ ಘಟಕ

ಹುಳಿಯಾರು ಮಗ್ಗುಲಿನ ಕೆಂಕೆರೆ ಸುತ್ತಿನ ಕೆಲವು ಬೆಳೆಗಾರರು ಸೇರಿ ಒಂದು ನಾರಿನ ಘಟಕ ನಡೆಸುತ್ತಿದ್ದಾರೆಂದು ಇಟ್ಟುಕೊಳ್ಳೋಣ. ಕೆಳಗಿನ ಅಂಕಿಗಳು ಲೆಕ್ಕ ತಿಳಿಸುವುದಕ್ಕಾಗಿ ಆರಿಸಿಕೊಂಡವು. ತಾವು ತಮ್ಮ ಘಟಕದ ಅಂಕಿಗಳನ್ನು ಅವುಗಳ ಜಾಗದಲ್ಲಿ ಇಟ್ಟು ನೋಡಬೇಕು.

ಈ ಘಟಕದ ಯಂತ್ರ ಒಂದು ಗಂಟೆ ಓಡಿದರೆ 100 ಕೆಜಿ ನಾರು ಬರುತ್ತದೆ. ಸಿಪ್ಪೆಯ ಬೆಲೆ ಮತ್ತು ಕೂಲಿ ಸೇರಿ ಕೆಜಿಗೆ 11 ರೂಪಾಯಿ. ಲೆಕ್ಕ ಸರಳವಾಗಿರಲೆಂದು ನಾರಿನ ಪುಡಿಯ ಆದಾಯವನ್ನು ಬಿಟ್ಟಿದೆ. ಬ್ಯಾಂಕ್ ಸಾಲದ ಬಡ್ಡಿ, ಸಾಗಣೆ ಮತ್ತು ಮಾರಾಟದ ಕಮಿಷನ್ನು ತಯಾರಿಕೆಯ ಖರ್ಚಲ್ಲವಾದ್ದರಿಂದ ಅವನ್ನೂ ಸೇರಿಸಿಲ್ಲ. ಅವುಗಳಿಗೆ ಲಾಭದ ಅಂಚಿನಲ್ಲಿ ಜಾಗ ಬಿಡಬೇಕು.

ದರ ಕಟ್ಟುವ ನಾಲ್ಕು ಹೆಜ್ಜೆಗಳು

ಲೆಕ್ಕದ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುವುದರಿಂದ ಮಾರ್ಚ್ ತಿಂಗಳಲ್ಲೇ ಕುಳಿತು ಈ ಕೆಲಸ ಮುಗಿಸಬೇಕು.

ಮೊದಲನೆಯ ಹೆಜ್ಜೆ, ಬರುವ ವರ್ಷದ ಮೇಲ್ವೆಚ್ಚವನ್ನು ಅಂದಾಜು ಮಾಡುವುದು. ಇದರಲ್ಲಿ ಎರಡು ಬಗೆ ಇವೆ. ಯಂತ್ರ ಓಡಲಿ, ನಿಲ್ಲಲಿ, ಬಂದೇ ಬರುವ ಖರ್ಚು ಒಂದು ಬಗೆ. ನಮ್ಮ ಮಾದರಿಯಲ್ಲಿ ಅದು ವರ್ಷಕ್ಕೆ ಹೀಗಿದೆ:

ಶೆಡ್ಡಿನ ಬಾಡಿಗೆ – 1,20,000 ರೂ.
ಯಂತ್ರಗಳ ಸವಕಳಿ – 1,00,000 ರೂ.
ಮೇಸ್ತ್ರಿಯ ಸಂಬಳ – 1,80,000 ರೂ.
ವಿಮೆ ಮತ್ತು ಲೈಸೆನ್ಸು – 30,000 ರೂ.
ವಿದ್ಯುತ್ತಿನ ನಿಗದಿತ ಶುಲ್ಕ – 60,000 ರೂ.
ಒಟ್ಟು ಸ್ಥಿರ ಖರ್ಚು – 4,90,000 ರೂ.

ಇದರಲ್ಲಿ ಸವಕಳಿಯ ಲೆಕ್ಕ ಹೀಗೆ: ಯಂತ್ರಗಳ ಬೆಲೆ 11 ಲಕ್ಷ, ಹತ್ತು ವರ್ಷದ ಬಾಳಿಕೆ, ಕೊನೆಗೆ ಗುಜರಿ ಬೆಲೆ 1 ಲಕ್ಷ, ಉಳಿದ 10 ಲಕ್ಷವನ್ನು ಹತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 1 ಲಕ್ಷ. ಕೈಯಿಂದ ಹಣ ಹೋಗುವುದಿಲ್ಲವೆಂದು ಹಲವರು ಇದನ್ನು ಬಿಡುತ್ತಾರೆ. ಹನ್ನೊಂದನೆಯ ವರ್ಷ ಹೊಸ ಯಂತ್ರ ಕೊಳ್ಳಬೇಕಾದಾಗ ಅದು ಒಮ್ಮೆಗೇ ಎದುರು ನಿಲ್ಲುತ್ತದೆ.

ಯಂತ್ರ ಓಡಿದಷ್ಟೂ ಏರುವ ಖರ್ಚು ಇನ್ನೊಂದು ಬಗೆ. ಮೀಟರಿನ ಯೂನಿಟ್ ಲೆಕ್ಕದ ವಿದ್ಯುತ್ತು ಗಂಟೆಗೆ 150 ರೂಪಾಯಿ, ಗ್ರೀಸು, ಬೇರಿಂಗು, ಹಲ್ಲು ಬದಲಿಸುವ ರಿಪೇರಿ ವರ್ಷದ ಸರಾಸರಿಯಲ್ಲಿ ಗಂಟೆಗೆ 55 ರೂಪಾಯಿ; ಒಟ್ಟು ಗಂಟೆಗೆ 205 ರೂಪಾಯಿ.

ಎರಡನೆಯ ಹೆಜ್ಜೆ, ಹಂಚಿಕೆಗೆ ಅಳತೆಗೋಲನ್ನು ಆರಿಸುವುದು. ಮೇಲ್ವೆಚ್ಚ ಯಾವುದರ ಜೊತೆ ಏರುತ್ತದೆಯೋ ಅದೇ ಅಳತೆಗೋಲಾಗಬೇಕು. ನಾರಿನ ಘಟಕದಲ್ಲಿ ಬಹುಪಾಲು ಖರ್ಚು ಯಂತ್ರದ ಸುತ್ತಲೇ ಇರುವುದರಿಂದ ಯಂತ್ರ ಓಡಿದ ಗಂಟೆಯೇ ಸೂಕ್ತ. ತೂಕವೇ ಸಾಲದೇ ಎಂದು ತಾವು ಕೇಳಬಹುದು. ಸಿಪ್ಪೆ ಎಲ್ಲ ಒಂದೇ ಹದದಲ್ಲಿದ್ದರೆ ಸಾಕು. ಆದರೆ ಚೆನ್ನಾಗಿ ನೆನೆದ ಸಿಪ್ಪೆಯಿಂದ ಒಂದು ಗಂಟೆಯಲ್ಲಿ ಬರುವ ನಾರನ್ನು, ಸರಿಯಾಗಿ ನೆನೆಯದ ಗಟ್ಟಿ ಸಿಪ್ಪೆಯಿಂದ ತೆಗೆಯಲು ಒಂದೂವರೆ ಗಂಟೆ ಹಿಡಿದರೆ, ಎರಡಕ್ಕೂ ಒಂದೇ ಮೇಲ್ವೆಚ್ಚ ಹಾಕುವುದು ತಪ್ಪಾಗುತ್ತದೆ. ಗಂಟೆಯ ಲೆಕ್ಕ ಈ ವ್ಯತ್ಯಾಸವನ್ನು ತಾನಾಗಿಯೇ ತೋರಿಸುತ್ತದೆ.

ಮೂರನೆಯ ಹೆಜ್ಜೆ, ವರ್ಷದಲ್ಲಿ ಯಂತ್ರ ಎಷ್ಟು ಗಂಟೆ ಓಡೀತೆಂದು ಅಂದಾಜು ಮಾಡುವುದು. ಇದಕ್ಕೆ ಹಿಂದಿನ ಮೂರು ವರ್ಷದ ಯಂತ್ರದ ಪುಸ್ತಕ ಆಧಾರವಾಗಬೇಕು. ನಮ್ಮ ಮಾದರಿಗೆ 2,000 ಗಂಟೆ ಎಂದಿಟ್ಟುಕೊಳ್ಳೋಣ.

ನಾಲ್ಕನೆಯದು ಬರಿಯ ಭಾಗಾಕಾರ. ಸ್ಥಿರ ಖರ್ಚು 4,90,000ವನ್ನು 2,000 ಗಂಟೆಗೆ ಭಾಗಿಸಿದರೆ ಗಂಟೆಗೆ 245 ರೂಪಾಯಿ. ಅದಕ್ಕೆ ಓಟದ ಖರ್ಚು 205 ಕೂಡಿಸಿದರೆ ಗಂಟೆಗೆ 450 ರೂಪಾಯಿ. ಇದೇ ಮುಂಚಿತವಾಗಿ ಗೊತ್ತುಮಾಡಿದ ಮೇಲ್ವೆಚ್ಚ ದರ. ಗಂಟೆಗೆ 100 ಕೆಜಿ ನಾರು ಬರುವುದರಿಂದ ಕೆಜಿಗೆ 4 ರೂಪಾಯಿ 50 ಪೈಸೆ. ಸಿಪ್ಪೆ ಮತ್ತು ಕೂಲಿಯ 11 ರೂಪಾಯಿ ಸೇರಿದರೆ ಘಟಕದ ಬಾಗಿಲಲ್ಲಿ ಕೆಜಿ ನಾರಿನ ಅಸಲು 15 ರೂಪಾಯಿ 50 ಪೈಸೆ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಇದೇ ದರವನ್ನು ಬಳಸಬೇಕು.

ನಿಜ ಖರ್ಚಿನ ದರ ಹಿಡಿದರೆ ಏನಾಗುತ್ತದೆ?

ಈಗ ಅದೇ ಘಟಕದಲ್ಲಿ ತಿಂಗಳು ತಿಂಗಳೂ ನಿಜವಾಗಿ ಆದ ಖರ್ಚನ್ನು ಹಂಚಿ ನೋಡೋಣ. ಸ್ಥಿರ ಖರ್ಚು ತಿಂಗಳಿಗೆ ಸುಮಾರು 40,833 ರೂಪಾಯಿ ಬೀಳುತ್ತದೆ.

ಏಪ್ರಿಲ್‌ನಲ್ಲಿ ಬಿಸಿಲು ಚುರುಕು. ನಾರು, ಪುಡಿ ಬೇಗ ಒಣಗುತ್ತವೆ. ಯಂತ್ರ 245 ಗಂಟೆ ಓಡಿತು. ವಿದ್ಯುತ್ತಿಗೆ 36,750, ಸಣ್ಣಪುಟ್ಟ ರಿಪೇರಿಗೆ 3,000. ಸ್ಥಿರ ಖರ್ಚು ಸೇರಿ ಒಟ್ಟು 80,583. ಗಂಟೆಗೆ ಭಾಗಿಸಿದರೆ 329 ರೂಪಾಯಿ. ಕೆಜಿ ನಾರಿನ ಅಸಲು 14 ರೂಪಾಯಿ 29 ಪೈಸೆ.

ನಮ್ಮ ಸೀಮೆಯಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಒಣಗಿಸುವ ಅಂಗಳ ಕೆಸರಾಗಿ ಯಂತ್ರ 100 ಗಂಟೆ ಮಾತ್ರ ಓಡಿತು. ಬಿಡುವಿದೆಯೆಂದು, ಆಯುಧಪೂಜೆಗೆ ಮೊದಲೇ ಯಂತ್ರ ಬಿಚ್ಚಿ ಬೇರಿಂಗು, ಹಲ್ಲು ಎಲ್ಲ ಬದಲಿಸಿದರು. ಅದಕ್ಕೆ 40,000 ರೂಪಾಯಿ. ವಿದ್ಯುತ್ತಿಗೆ 15,000. ಸ್ಥಿರ ಖರ್ಚು ಸೇರಿ ಒಟ್ಟು 95,833. ಗಂಟೆಗೆ 958 ರೂಪಾಯಿ! ಕೆಜಿ ನಾರಿನ ಅಸಲು 20 ರೂಪಾಯಿ 58 ಪೈಸೆ.

ಅದೇ ಸಿಪ್ಪೆ, ಅದೇ ಯಂತ್ರ, ಅದೇ ಆಳು. ನಾರಿನಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಆದರೂ ಅಸಲಿನಲ್ಲಿ ಕೆಜಿಗೆ ಆರು ರೂಪಾಯಿಗೂ ಮೀರಿದ ಅಂತರ. ಈ ಅಂತರ ಎಲ್ಲಿಂದ ಬಂತು? ಒಂದು, ಬಾಡಿಗೆ ಸಂಬಳಗಳು ಕಡಿಮೆ ಗಂಟೆಗಳ ಮೇಲೆ ಬಿದ್ದವು. ಎರಡು, ಇಡೀ ವರ್ಷದ ಓಟದಿಂದ ಸವೆದ ಭಾಗಗಳ ಖರ್ಚು ಒಂದೇ ತಿಂಗಳ ತಲೆಯ ಮೇಲೆ ಕೂತಿತು. ಏಪ್ರಿಲ್‌ನ 245 ಗಂಟೆಯೂ ಆ ಹಲ್ಲುಗಳನ್ನು ಸವೆಸಿತ್ತು. ಆದರೆ ಅದರ ಪಾಲು ಏಪ್ರಿಲ್‌ನ ನಾರಿಗೆ ಹತ್ತಲೇ ಇಲ್ಲ.

ಈ ತಪ್ಪು ಪುಸ್ತಕದಲ್ಲೇ ಉಳಿದರೆ ಚಿಂತೆಯಿಲ್ಲ. ಅದು ವ್ಯಾಪಾರಕ್ಕೆ ಇಳಿಯುತ್ತದೆ. ಮೇ ತಿಂಗಳ ಆರಂಭದಲ್ಲಿ ಒಬ್ಬ ವ್ಯಾಪಾರಿ ಬಂದು, ಮುಂದಿನ ತಿಂಗಳುಗಳಲ್ಲಿ ಒಟ್ಟು 30 ಟನ್ ನಾರನ್ನು ಕೆಜಿಗೆ 15 ರೂಪಾಯಿಯಂತೆ ಕೊಡುವಿರಾ ಎಂದು ಕೇಳಿದನೆನ್ನೋಣ. ಏಪ್ರಿಲ್‌ನ 14 ರೂಪಾಯಿ 29 ಪೈಸೆಯನ್ನು ಎದುರಿಗಿಟ್ಟುಕೊಂಡವರು ಕೆಜಿಗೆ 71 ಪೈಸೆ ಲಾಭವೆಂದು ಒಪ್ಪುತ್ತಾರೆ. ವರ್ಷದ ಲೆಕ್ಕದಲ್ಲಿ ಅದು ಕೆಜಿಗೆ 50 ಪೈಸೆ ನಷ್ಟ. 30 ಟನ್ನಿಗೆ 15,000 ರೂಪಾಯಿ. ನವೆಂಬರ್‌ನಲ್ಲಿ ಇನ್ನೊಬ್ಬ ಬಂದು 10 ಟನ್ನಿಗೆ 17 ರೂಪಾಯಿ ಕೊಡುತ್ತೇನೆನ್ನುತ್ತಾನೆ. ಅಕ್ಟೋಬರ್‌ನ 20 ರೂಪಾಯಿ 58 ಪೈಸೆಯನ್ನು ನೋಡಿದವರು ಅವನನ್ನು ಬರಿಗೈಯಲ್ಲಿ ಕಳಿಸುತ್ತಾರೆ. ಕೆಜಿಗೆ 1 ರೂಪಾಯಿ 50 ಪೈಸೆಯಂತೆ ಅಲ್ಲಿಯೂ 15,000 ರೂಪಾಯಿ ಕೈತಪ್ಪುತ್ತದೆ. ಲೆಕ್ಕ ಬರೆಯುವವನು ಎರಡು ಸಲವೂ ಒಂದು ಪೈಸೆಯನ್ನೂ ತಪ್ಪು ಬರೆದಿರಲಿಲ್ಲ ಎಂಬುದನ್ನು ಗಮನಿಸಿ.

ನಿಜ ದರಕ್ಕೆ ಇನ್ನೊಂದು ತೊಡಕಿದೆ: ಅದು ಬೇಕಾದ ಹೊತ್ತಿಗೆ ಕೈಗೆ ಸಿಗುವುದಿಲ್ಲ. ಅಕ್ಟೋಬರ್‌ನ ವಿದ್ಯುತ್ ಬಿಲ್ಲು ನವೆಂಬರ್‌ನಲ್ಲಿ ಬರುತ್ತದೆ. ಬಿಡಿಭಾಗದ ಅಂಗಡಿಯವನ ಚೀಟಿ ಇನ್ನೂ ತಡ. ಹಾಗಾದರೆ ಇಡೀ ವರ್ಷದ ನಿಜ ದರ ತೆಗೆದರೆ ಏರಿಳಿತ ಹೋಗುವುದಲ್ಲವೇ? ಹೋಗುತ್ತದೆ. ಆದರೆ ಆ ದರ ತಿಳಿಯುವುದು ಮಾರ್ಚ್ ಕಳೆದ ಮೇಲೆ. ಅಷ್ಟರಲ್ಲಿ ನಾರು ಮಾರಿ ತಿಂಗಳುಗಳೇ ಆಗಿರುತ್ತವೆ.

ಏಪ್ರಿಲ್‌ನ ಹೆಚ್ಚುವರಿ ಲಾಭವಲ್ಲ

ಗೊತ್ತುಮಾಡಿದ ದರ ಬಳಸುವ ಘಟಕದಲ್ಲಿ ಎರಡು ಅಂಕಣಗಳ ಒಂದು ಪುಸ್ತಕ ಇಡಬೇಕು. ಒಂದರಲ್ಲಿ ಆ ತಿಂಗಳ ಗಂಟೆಗಳನ್ನು 450ರಿಂದ ಗುಣಿಸಿ, ನಾರಿನ ಮೇಲೆ ಹಾಕಿದ ಮೇಲ್ವೆಚ್ಚ. ಇನ್ನೊಂದರಲ್ಲಿ ನಿಜವಾಗಿ ಆದ ಮೇಲ್ವೆಚ್ಚ.

ಏಪ್ರಿಲ್‌ನಲ್ಲಿ ಹಾಕಿದ್ದು 1,10,250, ಆದದ್ದು 80,583. ಹಾಕಿದ್ದೇ 29,667 ಹೆಚ್ಚು. ಅಕ್ಟೋಬರ್‌ನಲ್ಲಿ ಹಾಕಿದ್ದು 45,000, ಆದದ್ದು 95,833. ಈಗ 50,833 ಕೊರತೆ. ಏಪ್ರಿಲ್‌ನ ಹೆಚ್ಚುವರಿಯನ್ನು ಲಾಭವೆಂದು ಸದಸ್ಯರಿಗೆ ಹಂಚಿದ ಸಂಘ ಅಕ್ಟೋಬರ್‌ನಲ್ಲಿ ಬೇರಿಂಗು ಕೊಳ್ಳಲು ಸಾಲಕ್ಕೆ ಹೋಗಬೇಕಾಗುತ್ತದೆ. ಬೇಸಿಗೆಯಲ್ಲಿ ತುಂಬಿದ ಕಣಜವನ್ನು ಮಳೆಗಾಲಕ್ಕೆ ಇಟ್ಟುಕೊಂಡಂತೆ ಈ ಹೆಚ್ಚುವರಿಯನ್ನು ಮುಟ್ಟದೆ ಇಡಬೇಕು.

ಒಂದು ತಿಂಗಳ ಕೊರತೆಯಿಂದ ಗಾಬರಿಯಾಗಬೇಕಿಲ್ಲ. ನೋಡಬೇಕಾದದ್ದು ವರ್ಷಾರಂಭದಿಂದ ಅಂದಿನವರೆಗೆ ಓಡಿದ ಒಟ್ಟು ಗಂಟೆ. ಮಾರ್ಚ್‌ನಲ್ಲಿ ಅಂದಾಜು ಮಾಡುವಾಗಲೇ 2,000 ಗಂಟೆಯನ್ನು ತಿಂಗಳುವಾರು ಹಂಚಿ ಬರೆದಿಡಿ. ಸೆಪ್ಟೆಂಬರ್ ಕೊನೆಗೆ ಆ ಪಟ್ಟಿಗಿಂತ ಹತ್ತರಲ್ಲೊಂದು ಪಾಲಿಗೂ ಹೆಚ್ಚು ಹಿಂದೆ ಬಿದ್ದಿದ್ದರೆ, ಅದು ಮಳೆಯ ಆಟವಲ್ಲ. ಅಂದಾಜೇ ತಪ್ಪಿದೆ ಎಂದು ತಿಳಿದು ಕಾರಣ ಹುಡುಕಬೇಕು. ವಿದ್ಯುತ್ ದರ ಏರಿದರೆ, ಎರಡನೆಯ ಯಂತ್ರ ಬಂದರೆ, ಮೇಲ್ವೆಚ್ಚದ ಸ್ವರೂಪವೇ ಬದಲಾಗುವುದರಿಂದ ವರ್ಷದ ನಡುವೆಯೂ ಹೊಸ ದರ ಕಟ್ಟುವುದು ಸರಿ. ಹಾಗಿಲ್ಲದೆ ತಿಂಗಳಿಗೊಮ್ಮೆ ದರ ತಿದ್ದುತ್ತಾ ಹೋದರೆ ಮತ್ತೆ ನಿಜ ದರದ ಗೊಂದಲಕ್ಕೇ ಮರಳಿದಂತೆ.

ವರ್ಷಾಂತ್ಯದ ಹೊಂದಾಣಿಕೆ

ಅಂದಾಜು ಅಂದಾಜೇ. ಮಾರ್ಚ್ ಕೊನೆಗೆ ನಮ್ಮ ಘಟಕ 2,000ದ ಬದಲು 1,900 ಗಂಟೆ ಓಡಿತ್ತು. ನಿಜವಾದ ಮೇಲ್ವೆಚ್ಚ 8,80,000. ನಾರಿನ ಮೇಲೆ ಹಾಕಿದ್ದು 1,900 ಗಂಟೆಗೆ 450ರಂತೆ 8,55,000. ಕೊರತೆ 25,000 ರೂಪಾಯಿ. ಇದನ್ನು ಒಂದೇ ಗಂಟಾಗಿ ನೋಡದೆ ಎರಡಾಗಿ ಬಿಡಿಸಬೇಕು.

1,900 ಗಂಟೆಗೆ ಓಟದ ಖರ್ಚು 205ರಂತೆ 3,89,500 ಆಗಬೇಕಿತ್ತು. ಸ್ಥಿರ ಖರ್ಚು ಅಂದಾಜಿನಂತೆ 4,90,000. ಒಟ್ಟು 8,79,500 ಆಗಬೇಕಾದಲ್ಲಿ 8,80,000 ಆಗಿದೆ. ಅಂದರೆ ದುಂದು ಖರ್ಚಾದದ್ದು 500 ರೂಪಾಯಿ ಮಾತ್ರ. ಉಳಿದ 24,500 ಬಂದದ್ದು ಓಡದೆ ಉಳಿದ 100 ಗಂಟೆಯಿಂದ. ಗಂಟೆಗೆ 245ರಂತೆ ಲೆಕ್ಕ ಸರಿಹೊಂದುತ್ತದೆ. ಮೇಸ್ತ್ರಿ ಗ್ರೀಸು ಹೆಚ್ಚು ಬಳಸಿದನೆಂದು ಸಭೆಯಲ್ಲಿ ಗದರಿಸಿ ಫಲವಿಲ್ಲ. ಯಂತ್ರ ನಿಂತದ್ದು ಸಿಪ್ಪೆಯಿಲ್ಲದೆಯೋ, ಕರೆಂಟಿಲ್ಲದೆಯೋ, ಒಣಗಿಸಲು ಜಾಗವಿಲ್ಲದೆಯೋ ಎಂಬುದನ್ನು ಯಂತ್ರದ ಪುಸ್ತಕದಿಂದ ಹೆಕ್ಕಿ ತೆಗೆಯಬೇಕು. ಅಂಗಳಕ್ಕೆ ಮಾಡು ಹಾಕಿಸಿದರೆ ಎಷ್ಟು ಗಂಟೆ ಉಳಿಯುತ್ತಿತ್ತು ಎಂದು ಆಗ ಕೇಳಬಹುದು.

ಈ ಕೊರತೆಯನ್ನು ಆ ವರ್ಷದ ಲಾಭನಷ್ಟದ ಪಟ್ಟಿಗೆ ಒಯ್ದು ಮುಗಿಸಬೇಕು. ಶೆಡ್ಡಿನಲ್ಲಿ ಮಾರದೆ ಉಳಿದ ಹೊರೆಗಳ ಬೆಲೆಗೆ ಅದನ್ನು ಹೇರಬಾರದು. ನಮ್ಮ ದೇಶದ ಲೆಕ್ಕಪತ್ರ ಮಾನದಂಡಗಳಲ್ಲಿ ದಾಸ್ತಾನಿನ ಬೆಲೆ ಕಟ್ಟುವ ಎರಡನೆಯ ಮಾನದಂಡವೂ ಇದನ್ನೇ ಹೇಳುತ್ತದೆ: ಸ್ಥಿರ ಮೇಲ್ವೆಚ್ಚವನ್ನು ಯಂತ್ರದ ಸಾಮಾನ್ಯ ಸಾಮರ್ಥ್ಯದ ಆಧಾರದ ಮೇಲೆ ಹಂಚಬೇಕು; ಯಂತ್ರ ನಿಂತದ್ದರಿಂದ ಉಳಿದುಹೋದ ಮೇಲ್ವೆಚ್ಚ ಆ ವರ್ಷದ್ದೇ ಖರ್ಚು. ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್ 1915ರಲ್ಲೇ ಈ ವಾದ ಮುಂದಿಟ್ಟಿದ್ದ. ಅರ್ಧ ಕಾರ್ಖಾನೆ ಮಲಗಿದ್ದರೆ ಮಲಗಿದ ಅರ್ಧದ ಖರ್ಚನ್ನು ದುಡಿದ ಅರ್ಧದ ಸರಕಿನ ಮೇಲೆ ಹೊರಿಸುವುದು ಸಲ್ಲದು, ಅದನ್ನು ಬೇರೆಯೇ ತೋರಿಸಬೇಕು ಎಂಬುದು ಅದರ ತಿರುಳು.

ಎಲ್ಲಿ ಎಡವುತ್ತಾರೆ?

ಇಡೀ ಲೆಕ್ಕದಲ್ಲಿ ಅಪಾಯದ ಜಾಗ ಗಂಟೆಯ ಅಂದಾಜು. ಸಾಲಕ್ಕಾಗಿ ಬರೆಸುವ ಯೋಜನಾ ವರದಿಯಲ್ಲಿ ದಿನಕ್ಕೆ 16 ಗಂಟೆ, ವರ್ಷಕ್ಕೆ 300 ದಿನ ಎಂದು 4,800 ಗಂಟೆ ಬರೆದಿರಬಹುದು. ಅದನ್ನೇ ನಂಬಿದರೆ ದರ ಗಂಟೆಗೆ 307ಕ್ಕೆ ಇಳಿಯುತ್ತದೆ, ಕೆಜಿಯ ಅಸಲು 14 ರೂಪಾಯಿ 7 ಪೈಸೆಯೆಂದು ತೋರುತ್ತದೆ. ಯಂತ್ರ ಓಡುವುದು ಮಾತ್ರ 1,900 ಗಂಟೆ. ವರ್ಷದ ಕೊನೆಗೆ ಸಿಗದೆ ಉಳಿಯುವ ಮೇಲ್ವೆಚ್ಚ ಮೂರು ಲಕ್ಷಕ್ಕೆ ಸ್ವಲ್ಪವೇ ಕಡಿಮೆ.

ತೀರಾ ಅಳುಕುವುದೂ ಅಷ್ಟೇ ಕೆಟ್ಟದ್ದು. ಒಂದು ವರ್ಷ ಗಂಟೆ ಕಡಿಮೆಯಾಯಿತೆಂದು ಮರುವರ್ಷದ ಅಂದಾಜನ್ನು ಇಳಿಸಿದರೆ ದರ ಏರುತ್ತದೆ. ದರ ಏರಿತೆಂದು ಬೆಲೆ ಏರಿಸಿದರೆ ಗಿರಾಕಿ ಪಕ್ಕದ ಊರಿನ ಘಟಕಕ್ಕೆ ಹೋಗುತ್ತಾನೆ. ಗಂಟೆ ಇನ್ನೂ ಇಳಿಯುತ್ತದೆ. ಲೆಕ್ಕವೇ ಘಟಕವನ್ನು ಮುಚ್ಚಿಸುವ ಪರಿ ಇದು. ಆದ್ದರಿಂದಲೇ ಒಳ್ಳೆಯ ವರ್ಷ, ಕೆಟ್ಟ ವರ್ಷ ಎರಡನ್ನೂ ಒಳಗೊಂಡ ಮೂರು ವರ್ಷದ ಸರಾಸರಿ ಹಿಡಿಯಬೇಕೆಂದು ಮೇಲೆ ಹೇಳಿದ್ದು. ಹೊಸ ಘಟಕಕ್ಕೆ ಹಿಂದಿನ ಪುಸ್ತಕವಿರುವುದಿಲ್ಲ. ಅಂಥವರು ಸುತ್ತಲಿನ ಘಟಕ ನಿಜವಾಗಿ ಓಡಿಸಿದ ಗಂಟೆಗಳನ್ನು ವಿಚಾರಿಸಿ, ತಮಗೆ ಸಿಗುವ ಸಿಪ್ಪೆಯ ಪ್ರಮಾಣದೊಂದಿಗೆ ತಾಳೆ ನೋಡಬೇಕು.

ಪುಸ್ತಕದ ಗಂಟೆಗಳು ನಿಜವೇ ಎಂದು ಪರೀಕ್ಷಿಸಲು ಸುಲಭದ ದಾರಿಯಿದೆ. ತಿಂಗಳ ಯೂನಿಟ್‌ಗಳನ್ನು ಬರೆದ ಗಂಟೆಗಳಿಂದ ಭಾಗಿಸಿ. ಗಂಟೆಗೆ ಬೀಳುವ ಯೂನಿಟ್ ತಿಂಗಳಿಂದ ತಿಂಗಳಿಗೆ ಹೆಚ್ಚು ಕಡಿಮೆ ಒಂದೇ ಇರಬೇಕು. ಒಮ್ಮೆಗೇ ಏರಿದರೆ, ಒಂದೋ ಓಡಿದ ಗಂಟೆಯನ್ನು ಬರೆದಿಲ್ಲ, ಅಥವಾ ಬೇರಿಂಗು ಬಿಗಿದು ಮೋಟಾರು ಹೆಚ್ಚು ಎಳೆಯುತ್ತಿದೆ.

ಈ ದರಕ್ಕೂ ಒಂದು ಮಿತಿಯಿದೆಯೆಂದು ತಿಳಿದಿರಬೇಕು. ಮಳೆಗಾಲದಲ್ಲಿ ಯಂತ್ರ ಹೇಗೂ ನಿಂತಿದೆ, ಗಿರಾಕಿ 14 ರೂಪಾಯಿಗೆ ಮಾತ್ರ ಕೇಳುತ್ತಿದ್ದಾನೆ. 15 ರೂಪಾಯಿ 50 ಪೈಸೆಯ ಅಸಲಿಗೆ ಇದು ಕಡಿಮೆ. ಆದರೆ ಆ ನಾರಿಗೆ ಹೊಸದಾಗಿ ಆಗುವ ಖರ್ಚು ಸಿಪ್ಪೆ ಮತ್ತು ಕೂಲಿಯ 11, ಓಟದ 2 ರೂಪಾಯಿ 5 ಪೈಸೆ, ಒಟ್ಟು 13 ರೂಪಾಯಿ 5 ಪೈಸೆ. ಬಾಡಿಗೆ, ಸಂಬಳ ಹೇಗೂ ಹೋಗುವಂಥವು. ಕೆಜಿಗೆ 95 ಪೈಸೆ ಅವುಗಳ ಕಡೆಗೆ ಬಂದಂತಾಯಿತು. ಅಂಥ ಒಂದು ಸರಕಿಗೆ ಒಪ್ಪಬಹುದು. ಆದರೆ ಅದನ್ನೇ ವರ್ಷದ ಬೆಲೆಯಾಗಿ ಮಾಡಿಕೊಂಡರೆ ಬಾಡಿಗೆ ಸಂಬಳ ಕೊಡಲು ಹಣ ಸಾಲದು. ದರವನ್ನು ಸ್ಥಿರ 245, ಓಟದ 205 ಎಂದು ಬಿಡಿಸಿ ಬರೆದಿಟ್ಟವರಿಗೆ ಮಾತ್ರ ಈ ತೀರ್ಮಾನ ಸಾಧ್ಯ. ಆದುದರಿಂದ ಮಾರ್ಚ್‌ನಲ್ಲಿ ದರ ಕಟ್ಟಿದ ಹಾಳೆಯ ಮೇಲೆ 450 ಎಂಬ ಒಂದೇ ಅಂಕಿಯನ್ನು ಬರೆಯಬೇಡಿ; ಎರಡೂ ಭಾಗಗಳನ್ನು ಪಕ್ಕಪಕ್ಕದಲ್ಲಿ ಬರೆದು, ಮೇಸ್ತ್ರಿಯೂ ಗುಮಾಸ್ತನೂ ನೋಡುವಂತೆ ಘಟಕದ ಗೋಡೆಗೆ ಅಂಟಿಸಿ.